ಹೈಕ್ ಕೇಳಿ ಬರೆದ ಎರಡು ಮೆಸೇಜ್

ಏಪ್ರಿಲ್‌ನಲ್ಲಿ ಹೈಕ್ ಲೆಟರ್ ಬಂತು. 6 ಪರ್ಸೆಂಟ್. ವರ್ಷಕ್ಕೆ 9.6 ಲಕ್ಷ ಇದ್ದ ನನ್ನ ಫಿಕ್ಸೆಡ್ ಸಂಬಳ 10,17,600 ಆಯಿತು. ನಾನೇ ಕೆಲಸ ಹೇಳಿಕೊಡುತ್ತಿದ್ದ ಹೊಸ ಹುಡುಗನಿಗೆ 13 ಲಕ್ಷ ಅಂತ ಅದೇ ವಾರ ಗೊತ್ತಾಯಿತು. ಹೊಟ್ಟೆ ಉರಿಯಿತು. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್‌ಗೆ ಬರೆದೆ:

“ನಾಲ್ಕು ವರ್ಷ ದುಡಿದವಳಿಗೆ 6 ಪರ್ಸೆಂಟ್ ಅಂದ್ರೆ ಅವಮಾನ. ನಿನ್ನೆ ಬಂದವನಿಗೆ 13 ಲಕ್ಷ. ನನ್ನ ಸಿಟಿಸಿ 25 ಪರ್ಸೆಂಟ್ ಜಾಸ್ತಿ ಆಗಲೇಬೇಕು. ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಪೇಪರ್ ಹಾಕುತ್ತೇನೆ.”

ಅವರು ಓದಿದ್ದು ಕಾಣಿಸಿತು. ಟೈಪ್ ಮಾಡುವ ಚುಕ್ಕಿಗಳು ಬಂದವು, ನಿಂತವು. ಮತ್ತೆ ಬಂದವು, ನಿಂತವು. ಉತ್ತರ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕೈಯಲ್ಲಿ ಬೇರೆ ಆಫರ್ ಇರಲಿಲ್ಲ, ನೋಟಿಸ್ ಪೀರಿಯಡ್ 90 ದಿನ.

ಬೆಳಿಗ್ಗೆ ಕಾಲ್ ಮಾಡಿದರು. “ನೀನು ಕೇಳಿದ್ದು ತಪ್ಪಲ್ಲಮ್ಮ. ಆದ್ರೆ ಇದನ್ನ ನಾನು ಎಚ್‌ಆರ್‌ಗೆ ಹೇಗೆ ಫಾರ್ವರ್ಡ್ ಮಾಡ್ಲಿ?”

ನಾನು ಎಡವಿದ್ದು ಅಲ್ಲೇ. ಹಣ ಕೊಡುವುದು ಅವರ ಕೈಯಲ್ಲಿ ಇರಲಿಲ್ಲ. ಎಚ್‌ಆರ್, ಫೈನಾನ್ಸ್ ಎದುರು ನನ್ನ ಪರ ವಾದ ಮಾಡಬೇಕಾದವರನ್ನೇ ನಾನು ಎದುರಾಳಿ ಮಾಡಿಕೊಂಡಿದ್ದೆ. 13 ಲಕ್ಷದ ಮಾತು ಮೇಲೆ ಹೋದರೆ ‘ಅದು ನಿಮಗೆ ಹೇಗೆ ಗೊತ್ತಾಯ್ತು’ ಅನ್ನುವ ಪ್ರಶ್ನೆ ಬರುತ್ತದೆ, ನನ್ನ ಸಂಬಳದ ವಿಷಯ ಅಲ್ಲಿಗೆ ಮುಗಿಯುತ್ತದೆ. ಸಿಟಿಸಿ ಅಂತ ಕೇಳಿದ್ದೂ ತಪ್ಪು. ಅದರಲ್ಲಿ ಫಿಕ್ಸೆಡ್ ಜೊತೆ, ಪರ್ಫಾರ್ಮೆನ್ಸ್ ನೋಡಿ ಕೊಡುವ ವೇರಿಯಬಲ್ ಕೂಡ ಸೇರಿರುತ್ತದೆ. ವೇರಿಯಬಲ್ ಏರಿಸಿ ಸಿಟಿಸಿ ದೊಡ್ಡದು ಮಾಡಬಹುದು, ಆದರೆ ತಿಂಗಳ ಸಂಬಳ ಇದ್ದಷ್ಟೇ ಇರುತ್ತದೆ.

ಎರಡು ದಿನ ಕೂತು ಹಳೇ ಟಿಕೆಟ್‌ಗಳನ್ನೆಲ್ಲ ತೆಗೆದೆ. ಆಮೇಲೆ ಮೇಲ್ ಬರೆದೆ:

“ಅಕ್ಟೋಬರ್‌ನಲ್ಲಿ ನಮ್ಮ ಲೀಡ್ ಬಿಟ್ಟ ಮೇಲೆ ರಿಲೀಸ್ ಪೂರ್ತಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಆರು ತಿಂಗಳಲ್ಲಿ 11 ರಿಲೀಸ್ ಆಗಿವೆ, ಒಂದೂ ರೋಲ್‌ಬ್ಯಾಕ್ ಆಗಿಲ್ಲ. ವಾರ ಬಿಟ್ಟು ವಾರ ಆನ್‌ಕಾಲ್ ನನ್ನದು. ಕೆಲಸ ಲೀಡ್‌ದು, ಬ್ಯಾಂಡ್ ಇನ್ನೂ ಹಳೆಯದು. ಈ ಕೆಲಸಕ್ಕೆ ಫಿಕ್ಸೆಡ್ 12 ಲಕ್ಷ ಕೇಳುತ್ತಿದ್ದೇನೆ. ಈಗಲೇ ಪೂರ್ತಿ ಆಗದಿದ್ದರೆ ಈಗ ಎಷ್ಟು, ಉಳಿದದ್ದು ಯಾವಾಗ ಅಂತ ಈ ವಾರ ಮಾತಾಡೋಣ.”

ಮನೆ ಸಾಲದ ಇಎಂಐ ಬಗ್ಗೆಯೂ ಒಂದು ಸಾಲು ಬರೆದಿದ್ದೆ. ಅದನ್ನು ಅಳಿಸಿದೆ. ನನ್ನ ಖರ್ಚು ನೋಡಿ ಕಂಪನಿ ಸಂಬಳ ಕೊಡುವುದಿಲ್ಲ ಅಲ್ವಾ? ‘ದಯವಿಟ್ಟು’ ಕೂಡ ತೆಗೆದೆ. ಮಾಡಿದ ಕೆಲಸಕ್ಕೆ ಕೇಳುವಾಗ ಬೇಡುವ ದನಿ ಬೇಡ ಅನ್ನಿಸಿತು.

ಮ್ಯಾನೇಜರ್ ಒಂದಕ್ಷರ ಬದಲಿಸದೆ ಅದನ್ನೇ ಫಾರ್ವರ್ಡ್ ಮಾಡಿ, ಮೇಲೆ ‘ನನ್ನ ಒಪ್ಪಿಗೆ ಇದೆ’ ಅಂತ ಒಂದೇ ಸಾಲು ಸೇರಿಸಿದರು. ಎಚ್‌ಆರ್ ಐದು ವಾರ ಎಳೆದಾಡಿತು. ಕೊನೆಗೆ ಫಿಕ್ಸೆಡ್ 11.4 ಲಕ್ಷ ಆಯಿತು, ಬ್ಯಾಂಡ್, ಅಂದರೆ ಹುದ್ದೆಯ ದರ್ಜೆ, ಅಕ್ಟೋಬರ್‌ನಲ್ಲಿ ನೋಡುತ್ತೇವೆ ಅಂದರು.

ಲೆಟರ್‌ನಲ್ಲಿ ಜುಲೈ 1ರಿಂದ ಅಂತ ಇತ್ತು. ಏಪ್ರಿಲ್‌ನಿಂದ ಯಾಕಿಲ್ಲ ಅಂತ ಕೇಳಿದೆ. “ನಿಮ್ಮ ಮೇಲ್‌ನಲ್ಲಿ ತಾರೀಖು ಇರಲಿಲ್ಲವಲ್ಲ ಮೇಡಂ” ಅಂದರು. ತಿಂಗಳಿಗೆ 10,200ರಂತೆ ಮೂರು ತಿಂಗಳಿಗೆ 30,600 ರೂಪಾಯಿ ಹೋಯಿತು. ಅಕ್ಟೋಬರ್‌ನ ಮೇಲ್ ಈಗಲೇ ಡ್ರಾಫ್ಟ್‌ನಲ್ಲಿದೆ. ಮೊದಲ ಸಾಲಿನಲ್ಲೇ ತಾರೀಖು ಹಾಕಿದ್ದೇನೆ.