ಬಜೆಟ್ ಜೊತೆಗೆ ಒಂದು ಪುಟ

"ಮೇಡಂ, ಶೀಟಿನಲ್ಲಿ ಎಲ್ಲಾ ಇದೆಯಲ್ಲ, ಮತ್ತೆ ಟಿಪ್ಪಣಿ ಅಂತ ಏನು ಬರೀಬೇಕು?" ಬಜೆಟ್ ಮಾಡುವವರು ನನ್ನನ್ನು ಹೀಗೆ ಕೇಳುತ್ತಾರೆ.

ಚಿಕ್ಕಮಗಳೂರಿನ ಹತ್ತಿರ ಸಣ್ಣ ಶಾಲೆ ನಡೆಸುವ ಟ್ರಸ್ಟೊಂದರ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ರಸ್ಟಿಗಳಲ್ಲಿ ಹೆಚ್ಚಿನವರು ಕಾಫಿ ಬೆಳೆಗಾರರು. ತೋಟದಿಂದ ನೇರ ಮೀಟಿಂಗಿಗೆ ಬರುತ್ತಾರೆ. ಎಂಬತ್ತು ಸಾಲಿನ ಶೀಟ್ ಕೊಟ್ಟರೆ ಕೊನೇ ಸಾಲು ನೋಡಿ ಸಹಿ ಹಾಕುತ್ತಾರೆ, ಅಷ್ಟೇ.

ಒಂದು ವರ್ಷ ಅಕ್ಟೋಬರ್ ಸಂಬಳಕ್ಕೆ ಎಫ್‌ಡಿ ಮುರಿಯಬೇಕಾಯಿತು. "ಮೊದಲೇ ಹೇಳಬಾರದಿತ್ತಾ?" ಅಂತ ಹಿರಿಯ ಟ್ರಸ್ಟಿಯೊಬ್ಬರು ಕೇಳಿದರು. "ಶೀಟಿನಲ್ಲಿತ್ತು ಸರ್" ಅಂದೆ. ಇರಲಿಲ್ಲ. ಮೊತ್ತ ಇತ್ತು, ತಿಂಗಳು ಇರಲಿಲ್ಲ. ತೋಟದವರ ದೇಣಿಗೆ ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ. ಶಾಲೆಯ ಮಾಡಿನ ರಿಪೇರಿ ಮಾತ್ರ ಮಳೆಗೆ ಮುಂಚೆ, ಮೇ ಒಳಗೆ ಮುಗಿಯಬೇಕು. ವರ್ಷದ ಲೆಕ್ಕ ಸರಿಹೋಗುತ್ತದೆ, ನಡುವೆ ಕೈ ಖಾಲಿ.

ಆಮೇಲೆ ಒಂದು ಪುಟ ಬರೆಯಲು ಶುರು ಮಾಡಿದೆ. ಈ ಸಲದ ಮೊದಲ ಸಾಲುಗಳು ಹೀಗಿದ್ದವು: "ಆದಾಯ 60 ಲಕ್ಷ, ಖರ್ಚು 59 ಲಕ್ಷ. ಅಕ್ಟೋಬರ್ ಕೊನೆಗೆ ಸುಮಾರು 2 ಲಕ್ಷ ಕಮ್ಮಿ ಬೀಳುತ್ತದೆ, ನವೆಂಬರ್ ಕಂತಿನ ಫೀ ಬಂದಾಗ ತೀರುತ್ತದೆ. ಅಲ್ಲಿಯವರೆಗೆ ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ತೆಗೆಯಲು ಈಗಲೇ ಒಪ್ಪಿಗೆ ಬೇಕು." ಏನು ಕೇಳುತ್ತಿದ್ದೇವೆ ಅನ್ನುವುದನ್ನು ಮೇಲೆಯೇ ಹಾಕಿಬಿಡಿ. ಕೆಳಗಿಟ್ಟರೆ ಯಾರೂ ಅಲ್ಲಿಗೆ ತಲುಪುವುದಿಲ್ಲ.

ಆಮೇಲೆ ಅಂದಾಜುಗಳು. ಎಲ್ಲಾ ಬೇಡ. ತಪ್ಪಿದರೆ ಕೊನೇ ಸಾಲನ್ನೇ ಬದಲಿಸುವಂಥವು ಮಾತ್ರ. ಸ್ಟೇಷನರಿ, ಕರೆಂಟು ಬಿಲ್ಲು ಶೀಟಿನಲ್ಲೇ ಇರಲಿ. ನಮ್ಮಲ್ಲಿ ದೊಡ್ಡದು ಮಕ್ಕಳ ಸಂಖ್ಯೆ. "ದಾಖಲಾತಿ ಕಡಿಮೆಯಾದರೆ ಆದಾಯಕ್ಕೆ ಧಕ್ಕೆಯಾಗಬಹುದು" ಅಂತ ಮೊದಲು ಬರೆಯುತ್ತಿದ್ದೆ. ಸುಮ್ನೆ ಶಾಯಿ ದಂಡ. ಯಾರಿಗೆ ಗೊತ್ತಿಲ್ಲ ಅದು? ಈಗ ಹೀಗೆ ಬರೆಯುತ್ತೇನೆ: "240 ಮಕ್ಕಳು, ತಲಾ 18,000 ಅಂತ ಹಿಡಿದಿದ್ದೇವೆ. ಕಳೆದ ವರ್ಷ 238 ಇದ್ದರು. 15 ಮಕ್ಕಳು ಕಮ್ಮಿಯಾದರೆ 2.7 ಲಕ್ಷ ಹೋಗುತ್ತದೆ. ನಮ್ಮ ಉಳಿಕೆ 1 ಲಕ್ಷ ಮಾತ್ರ, ಹಾಗಾಗಿ 1.7 ಲಕ್ಷ ಖೋತಾ. ಜುಲೈ ಮೊದಲ ವಾರ ಗೊತ್ತಾಗುತ್ತದೆ." ಸಂಖ್ಯೆ, ಅದು ಎಲ್ಲಿಂದ ಬಂತು, ತಪ್ಪಿದರೆ ಎಷ್ಟು, ಯಾವಾಗ ತಿಳಿಯುತ್ತದೆ. ತಾರೀಖು ಇಲ್ಲದ ಅಪಾಯವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆದ್ಯತೆ ಬರೆಯುವಾಗ ಎಲ್ಲವೂ ಮುಖ್ಯ ಅನ್ನಬೇಡಿ. ದುಡ್ಡು ಕಮ್ಮಿಯಾದರೆ ಮೊದಲು ಯಾವುದನ್ನು ಬಿಡುತ್ತೀರಿ ಅಂತ ಹೇಳಿ. ನಮ್ಮ ಸಾಲು: ಮಾಡಿನ ರಿಪೇರಿ ಬಿಡುವ ಹಾಗಿಲ್ಲ, ಬಸ್ಸಿನ ಟೈರು ಆಮೇಲೆ, 2 ಲಕ್ಷದ ಕಂಪ್ಯೂಟರ್ ಕೊನೆಗೆ. ಜುಲೈವರೆಗೆ ಅದಕ್ಕೆ ಆರ್ಡರ್ ಇಲ್ಲ. ಮಕ್ಕಳು ಕಮ್ಮಿಯಾದರೆ ಅದನ್ನು ಬಿಟ್ಟರೆ ಸಾಕು, ಆ 1.7 ಲಕ್ಷದ ಖೋತಾ ತುಂಬುತ್ತದೆ.

ಈ ಮೀಟಿಂಗಿನಲ್ಲಿ ಶೀಟನ್ನು ಯಾರೂ ತೆರೆಯಲಿಲ್ಲ. ಆದರೆ ಕಂಪ್ಯೂಟರ್ ಯಾಕೆ ಕೊನೆಗೆ, ಟೈರು ಕಾಯಬಹುದಲ್ವಾ ಅಂತ ಇಪ್ಪತ್ತು ನಿಮಿಷ ವಾದ ಮಾಡಿದರು. ಘಾಟಿ ರಸ್ತೆ ನೆನಪಾಗಿ ಟೈರೇ ಗೆದ್ದಿತು.