ರಿಮೋಟ್ ಕೆಟ್ಟಿದೆಯಾ, ಸೆಲ್ ಮುಗಿದಿದೆಯಾ?

ನಿನ್ನೆ ರಾತ್ರಿ ಟಿವಿ ರಿಮೋಟ್‌ನಲ್ಲಿ ಯಾವ ಬಟನ್ ಒತ್ತಿದರೂ ಕೆಲಸ ಮಾಡಲಿಲ್ಲ. ಹೊಸ ಸೆಲ್ ಹಾಕಿದರೂ ಅಷ್ಟೇ. ಆಗ ಫೋನ್ ಕ್ಯಾಮೆರಾ ನೆನಪಾಯಿತು.

ರಿಮೋಟ್ ತುದಿಯ ಪುಟ್ಟ ಎಲ್‌ಇಡಿಯಿಂದ ಬರುವುದು ಇನ್‌ಫ್ರಾರೆಡ್ ಬೆಳಕು, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾಗೆ ಕಾಣುತ್ತದೆ. ಎಷ್ಟೋ ಫೋನ್‌ಗಳ ಹಿಂದಿನ ಕ್ಯಾಮೆರಾದಲ್ಲಿ ಇದನ್ನು ತಡೆಯುವ ಫಿಲ್ಟರ್ ಜೋರಾಗಿರುತ್ತದೆ, ಅದಕ್ಕೇ ಸೆಲ್ಫಿ ಕ್ಯಾಮೆರಾ ತೆರೆದೆ. ರೂಮಿನ ಲೈಟ್ ಆರಿಸಿ, ಮೊದಲು ಚೆನ್ನಾಗಿರುವ ಎಸಿ ರಿಮೋಟ್ ಒತ್ತಿದೆ. ಸ್ಕ್ರೀನಿನಲ್ಲಿ ನಸು ನೇರಳೆ ಚುಕ್ಕೆ ಮಿನುಗಿತು. ಈ ಬೆಳಕು ದಿನಾ ನಮ್ಮ ಕಣ್ಣೆದುರೇ ಓಡಾಡುತ್ತಿತ್ತು ಅಲ್ವಾ, ಒಂದು ಕ್ಷಣ ಸುಮ್ನೆ ನೋಡುತ್ತಾ ಕೂತೆ.

ಟಿವಿ ರಿಮೋಟ್‌ನಲ್ಲಿ ಮಾತ್ರ ಚುಕ್ಕೆಯೇ ಇಲ್ಲ. ಹೊಸ ಸೆಲ್ ಇದ್ದೂ ಬೆಳಕಿಲ್ಲ ಅಂದರೆ ಕರೆಂಟ್ ಒಳಗೆ ಹೋಗುತ್ತಿಲ್ಲವೇನೋ ಅಂತ ಮುಚ್ಚಳ ತೆಗೆದು ನೋಡಿದೆ. ಹಳೇ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿತ್ತು. ಹತ್ತಿಗೆ ಒಂಚೂರು ವಿನೆಗರ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ, ಸೆಲ್ ಹಾಕಿದೆ. ಚುಕ್ಕೆ ಬಂತು, ಟಿವಿಯೂ ಆನ್ ಆಯಿತು!

ಹಳೇ ಸೆಲ್‌ನಲ್ಲಿ ಚುಕ್ಕೆ ಮಂಕಾಗಿದ್ದು ಹೊಸದರಲ್ಲಿ ಪ್ರಖರವಾದರೆ ತಪ್ಪು ಸೆಲ್ಲಿನದೇ. ಒಂದೇ ಬಟನ್‌ಗೆ ಬೆಳಕು ಬರದಿದ್ದರೆ ಅದರ ಕೆಳಗಿನ ರಬ್ಬರ್ ಸವೆದಿರಬಹುದು, ಇಲ್ಲ ಕೊಳೆ ಕೂತಿರಬಹುದು. ಬ್ಲೂಟೂತ್ ರಿಮೋಟ್‌ಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವುಗಳಲ್ಲಿ ಎಷ್ಟೋ ಬಟನ್‌ಗಳು ಬೆಳಕನ್ನೇ ಬಿಡುವುದಿಲ್ಲ.