‘ತಪ್ಪಿದಲ್ಲಿ’ ತಪ್ಪಿಹೋದ ದಿನ

ಹಂಪಿಗೆ ಬರುವ ಪ್ರವಾಸಿಗರು ತಂಗುವ ಹೊಸಪೇಟೆಯ ಹೋಟೆಲೊಂದಕ್ಕಾಗಿ, ಕೋಣೆಯ ಬಾಗಿಲ ಹಿಂದೆ ಅಂಟಿಸುವ ಸೂಚನೆಗಳನ್ನು ನಾನು ಇಂಗ್ಲಿಷಿಗೆ ಅನುವಾದಿಸಿದ್ದೆ. ಮುದ್ರಣಕ್ಕೆ ಕೊಡುವ ಮೊದಲು ನನ್ನ ಇಂಗ್ಲಿಷನ್ನಷ್ಟೇ ಗೆಳತಿಯೊಬ್ಬಳಿಗೆ ಕಳುಹಿಸಿ, ಅದನ್ನು ಮರಳಿ ಕನ್ನಡಕ್ಕೆ ತರುವಂತೆ ಕೇಳಿಕೊಂಡೆ. ಮೂಲವನ್ನು ಅವಳಿಗೆ ತೋರಿಸಿರಲಿಲ್ಲ. ವಾಕ್ಯ ಅಸಂಬದ್ಧವೆನಿಸಿದರೂ ತಿದ್ದದೆ, ಇದ್ದಂತೆಯೇ ಬರೆಯಬೇಕೆಂದು ಹೇಳಿದ್ದೆ.

ಸಂಜೆ ಮೂಲ ಕನ್ನಡವನ್ನೂ ಗೆಳತಿಯ ಕನ್ನಡವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತೆ. ‘ಕೋಣೆ’ ಎಂದಿದ್ದುದು ‘ಕೊಠಡಿ’ ಆಗಿತ್ತು, ‘ತಕ್ಕದ್ದು’ ‘ಬೇಕು’ ಆಗಿತ್ತು. ಇಂಥವನ್ನೆಲ್ಲ ಬಿಟ್ಟು ಮುಂದೆ ಹೋದೆ. ‘ಬಿಸಿನೀರು ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ’ ಎಂಬುದು ‘ಬೆಳಿಗ್ಗೆ 6ರಿಂದ 9ರವರೆಗೆ ಬಿಸಿನೀರು ಮಾತ್ರ’ ಎಂದಾಗಿ ಮರಳಿತ್ತು. ಕನ್ನಡದ ‘ಮಾತ್ರ’ ತಾನು ಮಿತಿಗೊಳಿಸುವ ಪದದ ನಂತರ ಬರುತ್ತದೆ; ಇಂಗ್ಲಿಷಿನ ‘ಓನ್ಲಿ’ಯನ್ನು ನಾನು ವಾಕ್ಯದ ಆರಂಭದಲ್ಲೇ ಇಟ್ಟುಬಿಟ್ಟಿದ್ದೆ. ಆ ಮೂರು ಗಂಟೆ ತಣ್ಣೀರೇ ಸಿಗದ ಹೋಟೆಲು ಅದಾಗಿತ್ತು!

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಇನ್ನೊಂದು ವಾಕ್ಯ. ಮೂಲದಲ್ಲಿ, ‘ಬೆಲೆಬಾಳುವ ವಸ್ತುಗಳನ್ನು ಕೌಂಟರಿನಲ್ಲಿ ಒಪ್ಪಿಸಿ ರಸೀದಿ ಪಡೆಯತಕ್ಕದ್ದು, ತಪ್ಪಿದಲ್ಲಿ, ಕಳೆದುಹೋದ ವಸ್ತುಗಳಿಗೆ ನಾವು ಹೊಣೆಯಲ್ಲ’ ಎಂದಿತ್ತು. ಗೆಳತಿಯ ಕನ್ನಡದಲ್ಲಿ, ‘ಬೆಲೆಬಾಳುವ ವಸ್ತುಗಳನ್ನು ಕೌಂಟರಿನಲ್ಲಿ ಕೊಟ್ಟು ರಸೀದಿ ಪಡೆಯಬೇಕು. ಕಳೆದುಹೋದ ವಸ್ತುಗಳಿಗೆ ಆಡಳಿತದವರು ಹೊಣೆಯಲ್ಲ’ ಎಂದಿತ್ತು. ಉದ್ದವಾಯಿತೆಂದು ನಾನು ವಾಕ್ಯವನ್ನು ಎರಡಾಗಿ ಮುರಿದಾಗ ‘ತಪ್ಪಿದಲ್ಲಿ’ ಎಂಬ ಷರತ್ತು ಬಿದ್ದುಹೋಗಿತ್ತು. ಒಪ್ಪಿಸದಿದ್ದರೆ ಹೊಣೆಯಲ್ಲ ಎಂದಿದ್ದ ಮಾಲೀಕರು, ನನ್ನ ಇಂಗ್ಲಿಷಿನಲ್ಲಿ, ರಸೀದಿ ಕೊಟ್ಟು ಪಡೆದ ಒಡವೆಗೂ ಹೊಣೆಯಲ್ಲವೆಂದು ಹೇಳುತ್ತಿದ್ದರು. ಇಂಗ್ಲಿಷನ್ನು ನಾಲ್ಕು ಬಾರಿ ಓದಿದ್ದರೂ ಇದು ನನಗೆ ಕಂಡಿರಲಿಲ್ಲ. ಷರತ್ತು ನನ್ನ ತಲೆಯಲ್ಲಿದ್ದುದರಿಂದ ಕಾಗದದ ಮೇಲೂ ಇದೆಯೆಂದೇ ಕಣ್ಣು ಓದಿಕೊಂಡಿತ್ತು. ‘ಅದರ್‌ವೈಸ್’ ಎಂಬ ಒಂದು ಪದ ಸೇರಿಸಿ ಸರಿಪಡಿಸಿದೆ.

ಆದರೆ ಅಕ್ಷರವೂ ಬದಲಾಗದೆ ಮರಳಿದ ಸಾಲುಗಳ ಮೇಲೂ ನನಗೆ ಅನುಮಾನವಿತ್ತು. ‘ಬಾಡಿಗೆಯಲ್ಲಿ ಬೆಳಗಿನ ತಿಂಡಿ ಸೇರಿದೆ’ ಎಂಬಲ್ಲಿ ನಾನು ‘ಮಾರ್ನಿಂಗ್ ಟಿಫಿನ್’ ಎಂದು ಬರೆದಿದ್ದೆ; ಅದು ‘ಬೆಳಗಿನ ತಿಂಡಿ’ಯಾಗಿಯೇ ಹಿಂದಿರುಗಿತು, ಏಕೆಂದರೆ ಗೆಳತಿಯೂ ಟಿಫಿನ್ ತಿಂದೇ ಬೆಳೆದವಳು. ಪರದೇಶದ ಅತಿಥಿಗೆ ಅದು ಊಟದ ಡಬ್ಬಿಯಾಗಿ ಕಂಡೀತು. ‘ಹೊರಗೆ ಹೋಗುವಾಗ ಕೀಲಿಯನ್ನು ಕೌಂಟರಿನಲ್ಲಿ ಕೊಟ್ಟು ಹೋಗಿ’ ಎಂಬುದಕ್ಕೆ ನಾನು ಪದಕ್ಕೆ ಪದವಿಟ್ಟು ಬರೆದ ‘ಗಿವ್ ಅಂಡ್ ಗೋ’ ಕೂಡ ಹಾಗೆಯೇ ಪಾರಾಗಿತ್ತು. ಇಂಗ್ಲಿಷು ಕನ್ನಡದ ಅಚ್ಚಿನಲ್ಲೇ ಇದ್ದಷ್ಟೂ ಮರಳುವುದು ಸುಲಭ. ಆದ್ದರಿಂದ, ತಿದ್ದಿದ ಇಂಗ್ಲಿಷ್ ಹಾಳೆಯೊಂದನ್ನೇ ಕನ್ನಡ ಬಾರದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟು, ‘ಇದರ ಪ್ರಕಾರ ನೀವು ಏನೇನು ಮಾಡುತ್ತೀರಿ, ಹೇಳಿ’ ಎಂದು ಕೇಳಿದೆ. ಅವರು ಮೊದಲು ನಿಂತದ್ದು ಟಿಫಿನ್ನಿನ ಮೇಲೆಯೇ.